ಎಡ ಭುಜದ ನೋವು

ಡಾಕ್ಟರ್ ವಿಟ್ಲಾಕ್ ಜಲಜಾಳ ಟೈಪ್‌ರೈಟರಿನ ಪಕ್ಕಕ್ಕೆ ಒಂದು ಹಾಳೆ ಎಸೆದು, "ನಾಲ್ಕನೇ ಹಾಸಿಗೆ. ಕೌಂಟಿ ಆಸ್ಪತ್ರೆಗೆ ಹೋಗುತ್ತೆ. ಹನ್ನೆರಡೂಕಾಲಿಗೆ ಆಂಬುಲೆನ್ಸ್ ಬರುತ್ತೆ, ಅಷ್ಟರಲ್ಲಿ ಮುಗಿಸು," ಎಂದು ಕಾಫಿಯ ಕಡೆ ನಡೆದುಬಿಟ್ಟ. ಅದು 1985ರ ಮಾರ್ಚ್ ತಿಂಗಳ ಒಂದು ಶನಿವಾರ. ಗೋಡೆ ಗಡಿಯಾರ ಹನ್ನೊಂದೂ ಮೂವತ್ತೈದು ತೋರಿಸುತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಡುವಣ ದಂಡೆಯಲ್ಲಿದ್ದ ಆ ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಜಲಜಾ ಹದಿನಾಲ್ಕು ತಿಂಗಳಿಂದ ಕ್ಲರ್ಕ್. ಅದಕ್ಕೆ ಮುಂಚೆ ಆರು ವರ್ಷ ಅವಳು ಹಾಸನದ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಳು. ಇಲ್ಲಿ ಪರೀಕ್ಷೆಯೇನೋ ಪಾಸಾಗಿತ್ತು. ಆದರೆ ತರಬೇತಿಗೆ ಸೇರಿಸಿಕೊಳ್ಳಿ ಎಂದು ಬರೆದ ಎಪ್ಪತ್ತೆರಡು ಅರ್ಜಿಗಳಿಗೂ ಒಂದೇ ಧಾಟಿಯ ವಿನಯದ ಉತ್ತರ ಬಂದಿತ್ತು. ಗಂಡ ಜಯರಾಮ್ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಮನೆಯಲ್ಲಿ ಕೂತು ಕಿಟಕಿ ನೋಡುವುದಕ್ಕಿಂತ ಆಸ್ಪತ್ರೆಯ ವಾಸನೆಯಾದರೂ ಸಿಗಲಿ ಎಂದು ಈ ಕೆಲಸಕ್ಕೆ ಸೇರಿದ್ದಳು. ಡಾಕ್ಟರು, ನರ್ಸುಗಳು ಗೀಚಿಕೊಟ್ಟದ್ದನ್ನು ಓದಬಲ್ಲವಳು ಇಡೀ ವಿಭಾಗದಲ್ಲಿ ಅವಳೊಬ್ಬಳೇ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆ ಅವಳಿಗೆ ಎಂದೂ ರುಚಿಸಿರಲಿಲ್ಲ.

ಹಾಳೆಯ ಮೇಲೆ 'ವಿಮೆ ಇಲ್ಲ' ಎಂಬ ಕೆಂಪು ಮುದ್ರೆ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಉಳಿದದ್ದು ಕೋಳಿ ಕೆದರಿದ ಹಾಗೆ. ರೋಗಿ ಬಂದ ಕೂಡಲೇ ಬಾಗಿಲಲ್ಲಿ ನರ್ಸ್ ಬರೆದುಕೊಂಡ ಸಾಲುಗಳನ್ನು ಜಲಜಾ ಬೆರಳಿಟ್ಟು ಬಿಡಿಸಿದಳು. ಹೆಂಗಸು, ವಯಸ್ಸು ಐವತ್ತರ ಸುಮಾರು. ಇಂಗ್ಲಿಷ್ ಬಾರದು. ಇವತ್ತು ಬೆಳಿಗ್ಗೆ ಸ್ಟೂಲಿನಿಂದ ಬಿದ್ದಳು. ಎಡ ಭುಜ ನೋವು. ಪ್ರಜ್ಞೆ ತಪ್ಪಿಲ್ಲ. ಔಷಧಿ ಏನೂ ಇಲ್ಲ. ಬಿಪಿ 120/74, ನಾಡಿ 72. ಅಂಚಿನಲ್ಲಿ, ಬೇರೆ ಪೆನ್ಸಿಲ್ಲಿನಲ್ಲಿ, ಅರ್ಧಂಬರ್ಧ ಅಳಿಸಿಹೋದ ಒಂದೆರಡು ಅಂಕಿಗಳು. ಕೊನೆಯಲ್ಲಿ 'ಮಲಗಲು ಸಹಕರಿಸುತ್ತಿಲ್ಲ' ಎಂಬ ದೂರು. ಅದರ ಕೆಳಗೆ ವಿಟ್ಲಾಕ್‌ನ ದಪ್ಪ ಮಸಿ: ಭುಜದ ಎಕ್ಸ್‌ರೇ ಸರಿಯಿದೆ. ಬರೀ ಪೆಟ್ಟು. ಸ್ಟೇಬಲ್. ಕೌಂಟಿಗೆ.

ರೋಗಿಯ ಜೊತೆ ಕಳಿಸುವ ಅಂಥ ವರ್ಗಾವಣೆ ಸಂಗ್ರಹಗಳನ್ನು ಜಲಜಾ ಎಷ್ಟೋ ಟೈಪು ಮಾಡಿದ್ದಳು. ವಿಮೆ ಇಲ್ಲದವರನ್ನು ಖಾಸಗಿ ಆಸ್ಪತ್ರೆಗಳು ಸರಕಾರಿ ಕೌಂಟಿ ಆಸ್ಪತ್ರೆಗೆ ಸಾಗಹಾಕುವುದು ಆಗ ದಿನದ ವ್ಯವಹಾರ. ಅದನ್ನು ತಡೆಯುವ ಕೇಂದ್ರದ ಕಾನೂನು ಇನ್ನೂ ಬಂದಿರಲಿಲ್ಲ. 'ಸ್ಟೇಬಲ್' ಎಂಬ ಪದ ಒಂದಿದ್ದರೆ ಸಾಕು, ಸ್ಟ್ರೆಚರಿಗೆ ಚಕ್ರ ಬರುತ್ತಿತ್ತು. ಆ ಪದವನ್ನು ಹೊಡೆಯುವಾಗ ಅವಳ ಬೆರಳು ಈಚೆಗೆ ನಿಧಾನಿಸುವುದನ್ನೂ ಬಿಟ್ಟಿತ್ತು.

ಅವಳು ಕಾರ್ಬನ್ ಇಟ್ಟು ಹಾಳೆ ಸುತ್ತಿ ಹೆಸರಿನ ಜಾಗಕ್ಕೆ ಬಂದಳು. ಎಚ್, ಯು, ಸಿ... ಮುಂದೆ ಏನೋ ಗೀಟು. ವಯಸ್ಸಿನ ಪಕ್ಕ 'ಮನೆಯಾತನ ಹೆಸರು ಅನಂತ-ಏನೋ, ಫಾಸ್ಟರ್ ಸಿಟಿ' ಎಂದಿತ್ತು. ಜಲಜಾ ತಲೆಯೆತ್ತಿ ನಾಲ್ಕನೇ ಹಾಸಿಗೆಯ ಪರದೆ ನೋಡಿದಳು. ಪರದೆಯ ಆಚೆಯಿಂದ ಸಣ್ಣ ನರಳಿಕೆ ಬಂತು: "ಅಯ್ಯೋ... ಯವ್ವಾ..."

ಮೊದಲು ಅವಳು ಹೋದದ್ದು ನರ್ಸ್ ಲೂರ್ದೆಸ್‌ಳ ಹತ್ತಿರ. ಬಾಗಿಲಲ್ಲಿ ಆ ಹಾಳೆ ಬರೆದವಳು ಅವಳೇ. ಫಿಲಿಪ್ಪೀನ್ಸಿನ ನಡುವಯಸ್ಸಿನ ಹೆಂಗಸು, ಅವತ್ತು ಒಬ್ಬಳೇ ಒಂಬತ್ತು ಹಾಸಿಗೆ ನೋಡಿಕೊಳ್ಳುತ್ತಿದ್ದಳು.

"ಲೂರ್ದೆಸ್, ಅಂಚಿನಲ್ಲಿರೋ ಈ ಅಂಕಿ ಏನು? ಇದು 108ಓ, 168ಓ?"

ಲೂರ್ದೆಸ್ ಕಣ್ಣು ಕಿರಿದು ಮಾಡಿ ನೋಡಿದಳು. "ನೂರಾ ಎಂಟು. ಹತ್ತೂ ಐವತ್ತೈದಕ್ಕೆ. ಇದು ಹನ್ನೊಂದೂವರೆಯದು, ತೊಂಬತ್ತೆಂಟು, ಅರವತ್ತು. ನಾಡಿ ಎಪ್ಪತ್ತಾರು. ಡಾಕ್ಟರಿಗೆ ಹೇಳಿದೆ. ನಾಡಿ ಚೆನ್ನಾಗಿದೆಯಲ್ಲ ಅಂದರು."

"ಮಲಗಲು ಸಹಕರಿಸುತ್ತಿಲ್ಲ ಅಂದರೆ?"

"ಮಲಗಿಸಿದರೆ ಭುಜ ಹಿಡಿದುಕೊಂಡು ಕೂಗ್ತಾಳೆ. ಕೂರಿಸಿದರೆ ಸುಮ್ಮನಾಗ್ತಾಳೆ. ಎಕ್ಸ್‌ರೇಯವನು ಬೈದುಕೊಂಡ." ಲೂರ್ದೆಸ್ ತುಸು ತಡೆದು, "ಭುಜ ಮುಟ್ಟಿದರೆ ಮಾತ್ರ ನೋವಿಲ್ಲ. ಕೈ ಪೂರ್ತಿ ಎತ್ತುತ್ತಾಳೆ. ಅದೇ ನನಗೆ ವಿಚಿತ್ರ ಅನಿಸಿದ್ದು," ಎಂದಳು.

ಜಲಜಾ ಹಾಳೆಯ ಮೇಲಿನ ಆ ಸಾಲನ್ನು ಮತ್ತೆ ಓದಿದಳು. ಭುಜ ಮುಟ್ಟಿದರೆ ನೋಯದು, ಮಲಗಿದರೆ ನೋಯುತ್ತದೆ. ಹಾಸನದಲ್ಲಿ ತೆಂಗಿನ ಮರದಿಂದ ಬಿದ್ದವರಲ್ಲಿ, ಎತ್ತು ತಿವಿದವರಲ್ಲಿ ಅವಳು ಇದನ್ನು ಎರಡು ಸಲ ಕಂಡಿದ್ದಳು. ಎಡ ಪಕ್ಕೆಯೊಳಗಿನ ಗುಲ್ಮ ಒಡೆದು ರಕ್ತ ಸೋರಿ ಎದೆ-ಹೊಟ್ಟೆಗಳ ನಡುವಿನ ವಪೆಯ ಅಡಿಗೆ ತಾಗಿದರೆ, ನೋವು ಕಾಣಿಸಿಕೊಳ್ಳುವುದು ಎಡ ಭುಜದಲ್ಲಿ. ಆದರೆ ಅಷ್ಟು ರಕ್ತ ಹೋಗುತ್ತಿದ್ದರೆ ನಾಡಿ ಓಡಬೇಕಿತ್ತು. ಈ ನಾಡಿ ಭಾನುವಾರ ಮಧ್ಯಾಹ್ನ ಊಟ ಮಾಡಿ ಒರಗಿದವರ ನಾಡಿಯ ಹಾಗಿತ್ತು.

ಪರದೆ ಸರಿಸಿದಳು. ತೆಳ್ಳನೆಯ ಹೆಂಗಸೊಬ್ಬಳು ಆಸ್ಪತ್ರೆಯ ಗೌನಿನ ಮೇಲೆ ತನ್ನದೇ ಹಳೆಯ ಸೀರೆ ಹೊದ್ದು, ಹಾಸಿಗೆಯಲ್ಲಿ ಮುದುರಿ ಕೂತಿದ್ದಳು. ತುಟಿ ಬಿಳಿಚಿತ್ತು. ಪಕ್ಕದ ಕುರ್ಚಿಯಲ್ಲಿ ನಲವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ ಗಂಡಸು ಗಡಿಯಾರ ನೋಡುತ್ತಿದ್ದ.

"ಹುಚ್ಚಮ್ಮ ಅಂತಾನಾ ನಿಮ್ಮ ಹೆಸರು?" ಎಂದಳು ಜಲಜಾ.

ಕನ್ನಡ ಕೇಳಿ ಆ ಹೆಂಗಸಿನ ಕಣ್ಣು ಅಗಲವಾದವು. "ಊ ಕಣವ್ವಾ. ನಮ್ ಕಡೇರಾ ನೀನು? ಬಾ ಇತ್ತಾಗೆ. ಯಾರಿಗೂ ನನ್ ಮಾತೇ ತಿಳಿಯಾಕಿಲ್ಲ."

ಗಂಡಸು ಎದ್ದುನಿಂತ. "ಓ, ಕನ್ನಡದವರಾ? ವಂಡರ್‌ಫುಲ್. ನಾನು ಅನಂತಪದ್ಮನಾಭ ಅಂತ, ಎಂಜಿನಿಯರ್. ಇವರು ನಮ್ಮ ರಿಲೇಟಿವ್ ಅಲ್ಲ, ಅದು ಮೊದ್ಲೇ ಕ್ಲಿಯರ್ ಮಾಡ್ಬಿಡ್ತೀನಿ. ಮಗೂನ ನೋಡ್ಕೊಳ್ಳೋಕೆ ಅಂತ ಊರಿಂದ ಕರಸ್ಕೊಂಡಿದ್ವಿ. ಸೊ, ಆಸ್ಪತ್ರೆ ಪೇಪರ್ಸಲ್ಲಿ ನನ್ನ ಹೆಸರು ಬೇಡ."

ಜಲಜಾ ಹುಚ್ಚಮ್ಮನ ಪಕ್ಕ ಬಗ್ಗಿದಳು. "ಯಾವಾಗ ಬಿದ್ರಿ? ಹೇಗೆ ಬಿದ್ರಿ? ನಿಧಾನಕ್ಕೆ ಹೇಳಿ."

"ಬಿದ್ದದ್ದು ನೆನ್ನೆ ಕಣವ್ವ. ಹೊತ್ತು ಮೂಡ್ದಾಗಿಂದ ಕೆಲ್ಸ. ಮೂರ್ ಗಂಟೆ ಹೊತ್ನಾಗೆ ಮ್ಯಾಲಿನ ಕಪಾಟು ಒರೆಸ್ತಿದ್ದೆ, ಸ್ಟೂಲು ಜಾರ್ತು. ಒಲೆ ಕಟ್ಟೆ ಅಂಚು ಇಲ್ಲಿಗೇ ಬಡೀತು." ಅವಳು ಎಡ ಪಕ್ಕೆಯ ಕೆಳಗೆ ಕೈ ಇಟ್ಟಳು, ಇಟ್ಟ ಕೂಡಲೇ ತೆಗೆದಳು.

"ನಿನ್ನೆನಾ? ಇವತ್ತು ಬೆಳಿಗ್ಗೆ ಅಂತ ಬರ್ದಿದೆ."

ಹುಚ್ಚಮ್ಮ ಅನಂತಪದ್ಮನಾಭನ ಮುಖ ನೋಡಿ ಸುಮ್ಮನಾದಳು. ಅವನು ಗಂಟಲು ಸರಿಮಾಡಿಕೊಂಡ. "ನಿನ್ನೆ ಏನೋ ಸ್ವಲ್ಪ ಜಾರಿದ್ರು. ಇವತ್ತು ಬೆಳಿಗ್ಗೆ ಬಾತ್‌ರೂಮಲ್ಲಿ ಬಿದ್ರಲ್ಲ, ಅದನ್ನ ಹೇಳ್ದೆ. ಎರಡೂ ಬೀಳೋದೇ ತಾನೆ?"

"ಬಾತ್‌ರೂಮಲ್ಲಿ ಏನಾಯ್ತು ಹುಚ್ಚಮ್ಮನೋರೆ?"

"ಎದ್ದೆ. ಕಣ್ ಕತ್ಲೆ ಬಂತು. ಆಮ್ಯಾಕೆ ಏನೂ ಗೊತ್ತಿಲ್ಲ. ಮನೆ ಅಮ್ಮಾರು ಮಕಕ್ಕೆ ನೀರ್ ಹಾಕ್ದಾಗ್ಲೇ ನಂಗೆ ಎಚ್ಚರ."

'ಪ್ರಜ್ಞೆ ತಪ್ಪಿಲ್ಲ' ಎಂದು ಹಾಳೆಯಲ್ಲಿತ್ತು. ಜಲಜಾ ಕೇಳಿದಳು, "ಮಾತ್ರೆ ಏನಾದ್ರೂ ತಗೋತೀರಾ?"

"ಬಿಪಿಗೆ ಒಂದ್ ಐತೆ. ದಿನಾ ಎಲ್ಡು ಸಲ. ಬೆಳಿಗ್ಗೇನೂ ತಿಂದೀನಿ." ಹುಚ್ಚಮ್ಮ ಸೊಂಟದ ಚೀಲ ಬಿಚ್ಚಿ ಕೊಟ್ಟಳು. ಊರಿನಿಂದ ತಂದ ಮಾತ್ರೆಯ ಪಟ್ಟಿ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಪ್ರೊಪ್ರನಲಾಲ್, ನಲವತ್ತು ಮಿಲಿಗ್ರಾಂ. ನಾಡಿಗೆ ಕಡಿವಾಣ ಹಾಕುವ ಔಷಧಿ. ರಕ್ತ ಬರಿದಾಗುತ್ತಿದ್ದರೂ ಇದು ನಾಡಿಯನ್ನು ಓಡಲು ಬಿಡುವುದಿಲ್ಲ.

"ರಾತ್ರಿ ನೋವು ಅಂದ್ಲು, ಆಸ್ಪಿರಿನ್ ಕೊಟ್ವಿ. ನೆಗ್ಲೆಕ್ಟ್ ಏನೂ ಮಾಡಿಲ್ಲ," ಎಂದ ಅನಂತಪದ್ಮನಾಭ.

"ಎಷ್ಟು ಕೊಟ್ರಿ?"

"ಎರಡೆರಡು. ಮೂರು ಸಲ ಇರ್ಬೇಕು."

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ಆರು. ಜಲಜಾ ಪಟ್ಟಿಯನ್ನು ಕೈಯಲ್ಲೇ ಹಿಡಿದು ಹೊರಟಳು. ಪರದೆಯ ಹೊರಗೆ ಅವನು ಬೆನ್ನಹಿಂದೆ ಬಂದ. ಅವನ ಮೈಯಿಂದ ಒಳ್ಳೆಯ ಸೋಪಿನ ಪರಿಮಳ ಬರುತ್ತಿತ್ತು.

"ಮೇಡಂ, ಒಂದ್ನಿಮಿಷ. ನಿಮ್ಮ ಹಸ್ಬೆಂಡ್ ಸಾಂಟಾ ಕ್ಲಾರಾದಲ್ಲಿರೋ ಜಯರಾಮ್ ಅಲ್ವಾ? ಯುಗಾದಿ ಪ್ರೋಗ್ರಾಮಲ್ಲಿ ನೋಡಿದೀನಿ. ನಾವು ನಾವೇ ಅಲ್ವಾ, ಅದಕ್ಕೆ ಕೇಳ್ತೀನಿ. ಅದೊಂದು 'ನಿನ್ನೆ' ಅನ್ನೋದು ಬರೀಬೇಡಿ. ಇವರ ವೀಸಾ ವಿಸಿಟರ್ಸ್ ವೀಸಾ. ಕೆಲಸಕ್ಕೆ ಇಟ್ಕೊಂಡಿದ್ವಿ, ಬಿದ್ಮೇಲೆ ಒಂದಿನ ತೋರಿಸ್ಲಿಲ್ಲ ಅಂತೆಲ್ಲ ಪ್ರಶ್ನೆ ಎದ್ರೆ ನನ್ನ ಗ್ರೀನ್ ಕಾರ್ಡಿಗೇ ಪ್ರಾಬ್ಲಂ ಆಗುತ್ತೆ. ನಿನ್ನೆ ಆದ್ರೇನು, ಇವತ್ತಾದ್ರೇನು? ಟ್ರೀಟ್‌ಮೆಂಟ್ ಒಂದೇ ತಾನೆ?"

"ಒಂದೇ ಅಲ್ಲ," ಎಂದಳು ಜಲಜಾ. ಅವಳ ಬಾಯಿ ಕಹಿಯಾಗಿತ್ತು. "ನಿನ್ನೆ ಮೂರು ಗಂಟೆಯಿಂದ ಒಳಗೆ ರಕ್ತ ಹೋಗ್ತಿದೆ ಅನ್ನೋದಕ್ಕೂ, ಇವತ್ತು ಬೆಳಿಗ್ಗೆಯಿಂದ ಅನ್ನೋದಕ್ಕೂ ವ್ಯತ್ಯಾಸ ಇದೆ. ನೀವು ಎಂಜಿನಿಯರ್ರು, ಲೆಕ್ಕ ನಿಮಗೆ ಗೊತ್ತಾಗ್ಬೇಕು."

"ಅಯ್ಯೋ, ರಕ್ತ ಗಿಕ್ತ ಏನಿಲ್ಲ ಮೇಡಂ, ಬರೀ ಭುಜ. ಡಾಕ್ಟ್ರೇ ಹೇಳಿದಾರೆ." ಅವನು ನಗಲು ನೋಡಿದ. ಅವನು ರಾಕ್ಷಸನೇನೂ ಅಲ್ಲ. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಅಂಗಿ ಇಸ್ತ್ರಿ ಮಾಡಿಕೊಂಡು, ಮೂರ್ಛೆ ಹೋದ ಹೆಂಗಸನ್ನು ಆಮೇಲೆ ಕಾರಿಗೆ ಹತ್ತಿಸಿಕೊಂಡು ಬಂದವನು. ಅಷ್ಟೇ.

ವಿಟ್ಲಾಕ್ ಕಾಫಿ ಮುಗಿಸಿ ಬೇರೆ ರೋಗಿಯ ಎಕ್ಸ್‌ರೇ ನೋಡುತ್ತಿದ್ದ. ಅವನೂ ಕೆಟ್ಟವನೆಂದು ಹೆಸರಾದವನಲ್ಲ. ಮಾತು ಮೆತ್ತಗೆ, ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಕಾರ್ಡು ಕೊಡುವವನು.

"ಡಾಕ್ಟರ್, ನಾಲ್ಕನೇ ಹಾಸಿಗೆಯವರು ಬಿದ್ದದ್ದು ನಿನ್ನೆ. ಎಡ ಪಕ್ಕೆಗೆ ಪೆಟ್ಟು. ಬೆಳಿಗ್ಗೆ ಪ್ರಜ್ಞೆ ತಪ್ಪಿತ್ತು. ಪ್ರೊಪ್ರನಲಾಲ್ ತಗೊಳ್ತಾರೆ, ನೋಡಿ. ನಾಡಿಯನ್ನ ನಂಬೋ ಹಾಗಿಲ್ಲ."

ಅವನು ತಿರುಗಲಿಲ್ಲ. "ಜಲ್ಲಾಜಾ, ನೀನು ಕ್ಲರ್ಕ್."

"ಹೌದು. ಹೆಮಟೊಕ್ರಿಟ್ ಮೂವತ್ತೊಂದೇ ಬಂದಿದೆ, ರಕ್ತ ಕಮ್ಮಿ ಇದೆ. ಚೀಟಿ ನಿಮ್ಮ ಬುಟ್ಟಿಯಲ್ಲಿದೆ."

"ನಿಮ್ಮ ದೇಶದ ಹೆಂಗಸರಿಗೆಲ್ಲ ರಕ್ತ ಕಮ್ಮಿಯೇ ಇರುತ್ತೆ," ಎಂದ ವಿಟ್ಲಾಕ್, ಸಮಾಧಾನದ ದನಿಯಲ್ಲಿ. "ಸರ್ಜನ್ ವಿಮೆ ಇಲ್ಲದವರಿಗೆ ಬರಲ್ಲ. ಮೇಲಿನ ಆಫೀಸಿನಿಂದ ಎರಡು ಸಲ ಫೋನ್ ಬಂತು, ಹಾಸಿಗೆ ಯಾಕೆ ಖಾಲಿ ಆಗಿಲ್ಲ ಅಂತ. ನಾನು ಬರೆದುಕೊಟ್ಟದ್ದನ್ನ ಟೈಪ್ ಮಾಡು."

ಜಲಜಾ ಮರಳಿ ಬಂದು ಕೂತಳು. ಸಿಟ್ಟಿಗಿಂತ ಹೇಸಿಗೆ ಹೆಚ್ಚಾಗಿತ್ತು. ನಿಮ್ಮ ದೇಶದ ಹೆಂಗಸರು! ಆದರೆ ಆ ಮಾತು ಆಡಿದವನ ಮೇಲಷ್ಟೇ ಹೇಸಿಗೆಯಾಗಿದ್ದರೆ ಸುಲಭವಿತ್ತು. ಹದಿನಾಲ್ಕು ತಿಂಗಳಲ್ಲಿ ಎಷ್ಟು ಜನರ ಅಂಚಿನ ಅಂಕಿಗಳನ್ನು ಅವಳು ಓದಿ, ಅರ್ಥ ಮಾಡಿಕೊಂಡು, ಮುಖ್ಯ ಸಾಲಿನಲ್ಲಿಲ್ಲ ಎಂದು ಬಿಟ್ಟುಬಿಟ್ಟಿದ್ದಳು? ಇವತ್ತು ಪರದೆಯ ಆಚೆಗೆ ಕನ್ನಡ ಕೇಳಿಸದಿದ್ದರೆ ಎದ್ದು ಹೋಗುತ್ತಿದ್ದಳೇ? ಹಾಳಾದ ಪ್ರಶ್ನೆ. ಉತ್ತರ ಗೊತ್ತಿತ್ತು.

ಅವಳು ರೋಗನಿರ್ಣಯ ಬರೆಯುವ ಹಾಗಿರಲಿಲ್ಲ. ಡಾಕ್ಟರು ಹೇಳದ್ದನ್ನು ಡಾಕ್ಟರು ಹೇಳಿದರೆಂದು ಬರೆಯುವುದು ಸುಳ್ಳು. ಆದರೆ ಯಾರು, ಯಾವಾಗ, ಏನು ಕಂಡರು, ಏನು ಹೇಳಿದರು ಎಂಬುದನ್ನು ಇದ್ದ ಹಾಗೆ ಬರೆಯುವುದನ್ನು ಯಾರೂ ತಪ್ಪೆನ್ನುವಂತಿರಲಿಲ್ಲ. ಅವಳು ಲೂರ್ದೆಸ್‌ಳನ್ನು ಕರೆದು, "ಇನ್ನೊಂದು ಸಲ ಬಿಪಿ ನೋಡ್ತೀಯಾ? ಸಂಗ್ರಹಕ್ಕೆ ಕಡೆಯ ಅಂಕಿ ಬೇಕು. ಪಕ್ಕೆಯನ್ನೂ ನೋಡು," ಎಂದಳು. ಲೂರ್ದೆಸ್ ಬಿಪಿ ಪಟ್ಟಿ ಎತ್ತಿಕೊಂಡು ಹೋದಳು. ಬಂದವಳು ಹೇಳಿದ ಅಂಕಿ 90/54, ನಾಡಿ 78. ಎಡ ಪಕ್ಕೆಯ ಕೆಳಗೆ ಅಂಗೈಯಗಲ ನೀಲಿಗಟ್ಟಿತ್ತು. ಗೌನನ್ನು ಯಾರೂ ಸರಿಸಿ ನೋಡಿರಲಿಲ್ಲ.

ಗೀಚಿದ ಹಾಳೆಯಲ್ಲಿದ್ದ ಕ್ರಮವನ್ನು ಜಲಜಾ ಪೂರ್ತಿ ಬಿಟ್ಟಳು. ಕೌಂಟಿಯ ಡಾಕ್ಟರು ಬಾಗಿಲಲ್ಲಿ ನಿಂತು ಓದುವವನು. ಅವನಿಗೆ ಮೊದಲು ಬೇಕಾದದ್ದು ಮೊದಲು ಬರಬೇಕು. ಮೊದಲನೆಯ ಸಾಲಿನಲ್ಲೇ ಯಾರು, ಏಕೆ ಬಂದಳು: ಐವತ್ತು ವರ್ಷದ ಹೆಂಗಸು, ಸುಮಾರು ಇಪ್ಪತ್ತೊಂದು ಗಂಟೆಯ ಹಿಂದೆ ಸ್ಟೂಲಿನ ಮೇಲಿಂದ ಬಿದ್ದು ಎಡ ಕೆಳ ಪಕ್ಕೆಗೆ ಪೆಟ್ಟು, ಇಂದು ಬೆಳಿಗ್ಗೆ ಎದ್ದಾಗ ಪ್ರಜ್ಞೆ ತಪ್ಪಿದೆ. ಹೇಳಿದವರು: ರೋಗಿ ಸ್ವತಃ, ಕನ್ನಡದಲ್ಲಿ, ಕ್ಲರ್ಕ್ ಮೂಲಕ. ಕರೆತಂದಾತ ಮೊದಲು ಹೇಳಿದ್ದು ಬೇರೆ, ಅದನ್ನೂ ಬರೆದಳು. ಆಮೇಲೆ ಬಿಪಿ, ನಾಡಿ, ನಾಲ್ಕು ಸಲದ್ದೂ ಒಂದರ ಕೆಳಗೊಂದು, ಗಡಿಯಾರದ ಹೊತ್ತಿನ ಸಮೇತ. 120, 108, 98, 90. ಅಂಚಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದಾಗ ಅವು ಬರೀ ಅಂಕಿ. ಸಾಲಾಗಿ ನಿಂತಾಗ ಮೆಟ್ಟಿಲಿಳಿಯುತ್ತಿರುವುದು ಯಾರಿಗೂ ಕಾಣುತ್ತಿತ್ತು. ಅದರ ಕೆಳಗೇ ಔಷಧಿ: ಪ್ರೊಪ್ರನಲಾಲ್ ದಿನಕ್ಕೆರಡು ಸಲ, ಕಡೆಯದು ಇಂದು ಬೆಳಿಗ್ಗೆ, ನಿನ್ನೆ ರಾತ್ರಿಯಿಂದ ಆಸ್ಪಿರಿನ್ ಆರು. ಕಂಡದ್ದು: ಭುಜ ಮುಟ್ಟಿದರೆ ನೋವಿಲ್ಲ, ಚಲನೆ ಪೂರ್ತಿ, ಅಂಗಾತ ಮಲಗಿದರೆ ಎಡ ಭುಜದಲ್ಲಿ ನೋವು, ಎಡ ಪಕ್ಕೆ ನೀಲಿಗಟ್ಟಿದೆ. 'ಸಹಕರಿಸುತ್ತಿಲ್ಲ' ಎಂಬ ಮಾತನ್ನು ಅವಳು ಹೀಗೆ ಬಿಡಿಸಿದ್ದಳು. ಮಾಡಿದ್ದು: ಭುಜದ ಎಕ್ಸ್‌ರೇ, ಸರಿಯಿದೆ; ಹೆಮಟೊಕ್ರಿಟ್ ಒಂದೇ ಸಲ, 31. ಮಾಡದೇ ಇದ್ದದ್ದು: ಹೊಟ್ಟೆಯ ಪರೀಕ್ಷೆ ದಾಖಲಾಗಿಲ್ಲ; ಪಕ್ಕೆಯ ಎಕ್ಸ್‌ರೇ ಇಲ್ಲ; ರಕ್ತದ ಗುಂಪು ನೋಡಿಲ್ಲ; ರಕ್ತನಾಳಕ್ಕೆ ದ್ರವ ಕೊಟ್ಟಿಲ್ಲ. ಡಾಕ್ಟರ ಅಭಿಪ್ರಾಯ: ಎಡ ಭುಜಕ್ಕೆ ಪೆಟ್ಟು.

'ಸ್ಥಿತಿ' ಎಂಬ ಜಾಗವನ್ನು ಖಾಲಿ ಬಿಟ್ಟು, ಹಾಳೆ ಎಳೆದು ವಿಟ್ಲಾಕ್‌ನ ಮುಂದಿಟ್ಟಳು.

"ಇಲ್ಲಿ ಸ್ಟೇಬಲ್ ಎಲ್ಲಿ?" ಎಂದ ಅವನು.

"ಅದನ್ನ ನೀವೇ ಕೈಯಲ್ಲಿ ಬರೆಯಿರಿ ಡಾಕ್ಟರ್. ನಾನು ಟೈಪ್ ಮಾಡಲ್ಲ."

ಅವನು ಸಿಟ್ಟಿನಿಂದ ಪೆನ್ನು ತೆಗೆದ. ಬರೆಯುವ ಮುನ್ನ ಕಣ್ಣು ಮೇಲಿನ ಸಾಲುಗಳ ಮೇಲೆ ಹೋಯಿತು. ಇನ್ನೊಂದು ಸಲ ಮೇಲಿಂದ ಓದಿದ. ಪೆನ್ನಿನ ತುದಿ ಕಾಗದಕ್ಕೆ ತಾಗದೆ ನಿಂತಿತು. ಅವನ ಕುತ್ತಿಗೆ ಕೆಂಪಗಾಗಿ, ಆಮೇಲೆ ಆ ಕೆಂಪೂ ಇಳಿಯಿತು. ಎದ್ದು ಪರದೆಯೊಳಗೆ ಹೋದ.

ಹುಚ್ಚಮ್ಮನ ಹೊಟ್ಟೆಯ ಮೇಲೆ ಅವನು ಕೈಯಿಟ್ಟದ್ದು ಅದೇ ಮೊದಲು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಆಮೇಲಿನದೆಲ್ಲ ಬೇಗ ಬೇಗ ಆಯಿತು. ಎರಡೂ ತೋಳಿಗೆ ದಪ್ಪ ಸೂಜಿ, ದ್ರವದ ಬಾಟಲಿ, ರಕ್ತ ಹೊಂದಿಸಲು ಲ್ಯಾಬಿಗೆ ಟ್ಯೂಬು. ವಿಟ್ಲಾಕ್ ಹೊಟ್ಟೆಗೆ ಸೂಜಿ ಹಾಕಿ ಎಳೆದಾಗ ಸಿರಿಂಜಿನಲ್ಲಿ ಕಪ್ಪು ರಕ್ತ ಬಂತು. ಅದನ್ನು ಗಾಜಿನ ಟ್ಯೂಬಿನಲ್ಲಿ ಬಿಟ್ಟು ನೋಡಿದರು, ಹೆಪ್ಪುಗಟ್ಟಲಿಲ್ಲ. ರಕ್ತನಾಳಕ್ಕೆ ತಪ್ಪಿ ಚುಚ್ಚಿದ್ದಲ್ಲ, ಹೊಟ್ಟೆಯಲ್ಲಿ ತುಂಬಿಕೊಂಡ ರಕ್ತವೇ. ಅನಂತಪದ್ಮನಾಭ ಆ ಬಣ್ಣ ಕಂಡು ಗೋಡೆ ಹಿಡಿದುಕೊಂಡು ಹೊರಗೆ ಹೋದ.

ವಿಟ್ಲಾಕ್ ಫೋನಿನ ಹತ್ತಿರ ಬಂದು ಸರ್ಜನ್ನಿಗೆ ಮಾಡಿದ. ಜಲಜಾಳಿಗೆ ಕೇಳಿಸಿದ್ದು ಈಚೆಯ ಮಾತು ಮಾತ್ರ. "ಹೊಟ್ಟೆಯಲ್ಲಿ ರಕ್ತ ಇದೆ... ಹೌದು, ಗುಲ್ಮ ಅನ್ನಿಸುತ್ತೆ... ಇಲ್ಲ, ವಿಮೆ ಇಲ್ಲ... ನನಗೂ ಗೊತ್ತು... ಇಪ್ಪತ್ತೈದು ನಿಮಿಷದ ದಾರಿ... ಸರಿ." ಫೋನ್ ಇಟ್ಟವನು ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಕೌಂಟಿಗೇ ಕಳಿಸಬೇಕಂತೆ," ಎಂದ.

ಆಪರೇಷನ್ ಥಿಯೇಟರ್ ಒಂದು ಮಹಡಿ ಮೇಲಿತ್ತು. ಶನಿವಾರ ಖಾಲಿ ಇತ್ತು. ಜಲಜಾಳಿಗೆ ಗೋಡೆಯ ಬಿಳಿ ಬಣ್ಣ, ನೆಲದ ಹೊಳಪು, ಬಾಗಿಲಲ್ಲಿಟ್ಟ ಹೂವಿನ ಕುಂಡ, ಎಲ್ಲ ಒಟ್ಟಿಗೆ ನಾರಿದಂತಾಯಿತು. ತಿಳಿಯದೆ ಕಳಿಸುವುದು ಒಂದು. ತಿಳಿದೂ ಕಳಿಸುತ್ತಿದ್ದರು.

ಆದರೂ ಹಾಳೆ ಮುಗಿಯಬೇಕಿತ್ತು. ಈಗ ಅದರ ಮೇಲೇ ಹುಚ್ಚಮ್ಮನ ಜೀವ ನಿಂತಿತ್ತು. ಜಲಜಾ ಹೊಸ ಹಾಳೆ ಸುತ್ತಿ ಮೇಲುಗಡೆ ದೊಡ್ಡಕ್ಷರದಲ್ಲಿ ಹೊಡೆದಳು: ಹೊಟ್ಟೆಯೊಳಗೆ ರಕ್ತಸ್ರಾವ, ಗುಲ್ಮ ಒಡೆದಿರುವ ಸಂಶಯ, ಕೂಡಲೇ ಶಸ್ತ್ರಚಿಕಿತ್ಸೆ ಬೇಕು. ಪ್ರೊಪ್ರನಲಾಲ್ ತೆಗೆದುಕೊಂಡಿದ್ದಾಳೆ, ನಾಡಿ ನಂಬಬೇಡಿ. ಇದನ್ನು ವಿಟ್ಲಾಕ್ ಹೇಳಿ ಬರೆಸಿದ. ಕೆಳಗೆ ಕೊಟ್ಟ ದ್ರವದ ಪ್ರಮಾಣ, ಸೂಜಿಯಲ್ಲಿ ಬಂದದ್ದು, ಹೊತ್ತು. ಕಡೆಗೆ 'ಕಳಿಸುತ್ತಿರುವ ಕಾರಣ' ಎಂಬ ಜಾಗ ಬಂತು.

"ಕಾರಣ ಏನು ಹಾಕಲಿ?"

"ಹೆಚ್ಚಿನ ಚಿಕಿತ್ಸೆಗಾಗಿ ಅಂತ ಹಾಕು."

"ಇಲ್ಲಿ ಇಲ್ಲದ ಯಾವ ಚಿಕಿತ್ಸೆ ಅಲ್ಲಿದೆ?"

ಜಲಜಾ ಟೈಪು ಮಾಡಿದಳು: ಕರೆದಾಗ ಬರಬೇಕಾದ ಸರದಿಯ ಸರ್ಜನ್ 12:08ಕ್ಕೆ ಫೋನಿನಲ್ಲಿ ಬರಲು ನಿರಾಕರಿಸಿದರು. ರೋಗಿಗೆ ವಿಮೆ ಇಲ್ಲ. ಹಾಳೆಯನ್ನು ಅವನ ಮುಂದೆ ಇಟ್ಟು, ಬೆರಳನ್ನು ಆ ಸಾಲಿನ ಕೆಳಗೇ ಇಟ್ಟಳು. ಅವನು ಓದಿದ. ಸಹಿ ಹಾಕಿದ. ಆ ಸಹಿಯೂ ಎಂದಿನಂತೆ ಓದಲು ಬಾರದ ಗೀಟು.

ಕೌಂಟಿಯ ಎಮರ್ಜೆನ್ಸಿಗೆ ವಿಟ್ಲಾಕ್ ಫೋನು ಮಾಡಿದಾಗ ಆಚೆ ಇದ್ದದ್ದು ಒಕಾಡಾ ಎಂಬ ಡಾಕ್ಟರು. ವಿಟ್ಲಾಕ್ ತಡವರಿಸಿ, "ನಮ್ಮ ಕ್ಲರ್ಕ್ ಓದಿ ಹೇಳುತ್ತಾಳೆ," ಎಂದು ರಿಸೀವರನ್ನು ಜಲಜಾಳ ಕೈಗೆ ಕೊಟ್ಟ. ಅವಳು ಮೇಲಿಂದ ಕೆಳಗೆ ಎರಡು ನಿಮಿಷದಲ್ಲಿ ಓದಿದಳು. ಒಕಾಡಾ ಒಂದೇ ಪ್ರಶ್ನೆ ಕೇಳಿದಳು: "ರಕ್ತದ ಗುಂಪು ಬಂತಾ?" ಬಂದಿತ್ತು. "ಥಿಯೇಟರ್ ತೆಗೆಸುತ್ತೇನೆ. ಕಳಿಸಿ."

ಸ್ಟ್ರೆಚರ್ ಹೊರಟಾಗ ಲೂರ್ದೆಸ್ ಯಾರನ್ನೂ ಕೇಳದೆ ಆಂಬುಲೆನ್ಸಿಗೆ ಹತ್ತಿದಳು. ಹುಚ್ಚಮ್ಮ ಜಲಜಾಳ ಮುಂಗೈ ಹಿಡಿದುಕೊಂಡಿದ್ದಳು. ಕೈ ಐಸಿನ ಹಾಗಿತ್ತು. "ಇಲ್ಲಿಂದ ಎಲ್ಲಿಗ್ ಕರ್ಕೊಂಡ್ ಓಯ್ತಾರವ್ವ? ಇಲ್ಲಿ ಆಕ್ಕಿಲ್ವಾ?"

"ಅಲ್ಲಿ ಒಳ್ಳೆ ಡಾಕ್ಟ್ರು ಕಾಯ್ತಿದಾರೆ. ನಿಮ್ಮ ವಿಷ್ಯ ಎಲ್ಲ ಬರ್ದು ಕಳಿಸಿದೀನಿ," ಎಂದಳು ಜಲಜಾ.

ಸಂಜೆ ನಾಲ್ಕಕ್ಕೆ ಒಕಾಡಾಳ ಫೋನು ಬಂತು. ಗುಲ್ಮ ಸೀಳಿತ್ತು, ತೆಗೆದಿದ್ದಾರೆ, ಹೊಟ್ಟೆಯಲ್ಲಿ ಒಂದೂವರೆ ಲೀಟರ್ ರಕ್ತವಿತ್ತು, ಬದುಕುತ್ತಾಳೆ. "ಬಾಗಿಲಿಂದ ನೇರ ಥಿಯೇಟರಿಗೆ ಒಯ್ದೆವು. ಭುಜದ ಪೆಟ್ಟು ಅಂತ ಚೀಟಿ ಬಂದಿದ್ದರೆ ನಮ್ಮ ಸಾಲಿನಲ್ಲಿ ಮೂರು ಗಂಟೆ ಕಾಯುತ್ತಿದ್ದಳು. ಅಷ್ಟು ಹೊತ್ತು ಅವಳಿಗಿರಲಿಲ್ಲ," ಎಂದಳು. ಆಮೇಲೆ, "ಆ ಕಾರಣದ ಸಾಲು ಬರೆದದ್ದು ಯಾರು?"

"ನಾನು. ಡಾಕ್ಟರ ಸಹಿ ಇದೆ."

"ಅದರ ಒಂದು ಪ್ರತಿ ನಾನು ರಾಜ್ಯದ ಆರೋಗ್ಯ ಇಲಾಖೆಗೆ ಕಳಿಸುತ್ತೇನೆ. ನಿಮಗೆ ತೊಂದರೆಯಾಗಬಹುದು."

"ಕಳಿಸಿ," ಎಂದಳು ಜಲಜಾ.

ತೊಂದರೆಯೇನೋ ಬೇಗ ಬಂತು. ಸೋಮವಾರ ಬೆಳಿಗ್ಗೆ ಮೇಲಿನ ಆಫೀಸಿನಲ್ಲಿ ಕಾರ್ಪೆಟ್ಟಿನ ಕೋಣೆಗೆ ಕರೆದರು. ಕ್ಲರ್ಕ್ ಒಬ್ಬಳು ವೈದ್ಯಕೀಯ ದಾಖಲೆಯಲ್ಲಿ ತನ್ನ ಅಭಿಪ್ರಾಯ ತುರುಕಿದ್ದಾಳೆ ಎಂಬುದು ದೂರು. ವಿಟ್ಲಾಕ್ ಕಿಟಕಿಯ ಹತ್ತಿರ ಕೂತಿದ್ದ.

"ಕಾರಣದ ಸಾಲು ನಿಮಗೆ ತೋರಿಸಿದ್ದೆನಲ್ಲ ಡಾಕ್ಟರ್?" ಎಂದಳು ಜಲಜಾ.

"ಗಡಿಬಿಡಿ ಇತ್ತು," ಎಂದ ಅವನು, ಮೆತ್ತಗೆ. "ಓದಿ ಸಹಿ ಹಾಕಿದ ನೆನಪಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಎರಡು ದಿನದ ಹಿಂದೆ ಆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಇವನ ಮುಖದಲ್ಲಿ ಕಂಡದ್ದು ಮನುಷ್ಯನದೇ ಹೆದರಿಕೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯೊಳಗೆ ಅದನ್ನು ಎಲ್ಲಿ ತೊಳೆದುಕೊಂಡ? ಅವಳಿಗೆ ವಾದಿಸುವ ಆಸೆಯೇ ಹೋಯಿತು. ಇನ್ನು ಮೇಲೆ ವರ್ಗಾವಣೆಯ ಸಂಗ್ರಹಗಳನ್ನು ಅವಳು ಮುಟ್ಟಬಾರದು, ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗಬೇಕು ಎಂದರು. ಜಲಜಾ ಎದ್ದು ಬಂದಳು.

ಮಂಗಳವಾರ ಕೌಂಟಿ ಆಸ್ಪತ್ರೆಗೆ ಹೋದಾಗ ಹುಚ್ಚಮ್ಮ ದಿಂಬಿಗೆ ಒರಗಿ ಕೂತಿದ್ದಳು. ಹನ್ನೆರಡು ಹಾಸಿಗೆಯ ಹಳೆಯ ವಾರ್ಡು; ಗೋಡೆಯ ಸುಣ್ಣ ಉದುರಿತ್ತು. ಅನಂತಪದ್ಮನಾಭ ಭಾನುವಾರ ಒಂದು ಸಲ ಬಂದಿದ್ದನಂತೆ. ಅವಳ ಬಟ್ಟೆಯ ಸೂಟ್‌ಕೇಸು ಹಾಸಿಗೆಯ ಕೆಳಗಿಟ್ಟು, ಊರಿಗೆ ಟಿಕೆಟ್ ಮಾಡಿಸುತ್ತೇನೆ, ಯಾರು ಕೇಳಿದರೂ ನೆಂಟರು ಅನ್ನು ಎಂದು ಹೇಳಿ ಹೋಗಿದ್ದನಂತೆ.

"ಏನ್ ಬರ್ದಿದ್ಯವ್ವ ನನ್ ಬಗ್ಗೆ? ಆ ಡಾಕ್ಟ್ರಮ್ಮ ಆ ಕಾಗ್ದ ಇಡ್ಕೊಂಡು ಓಡಾಡ್ತಿದ್ಲು."

ಜಲಜಾ ನೆನಪಿದ್ದಷ್ಟನ್ನು ಹೇಳಿದಳು: ಶುಕ್ರವಾರ ಮೂರು ಗಂಟೆಗೆ ಬಿದ್ದದ್ದು, ಪಕ್ಕೆಗೆ ಪೆಟ್ಟು, ಮಾತ್ರೆ, ಬೆಳಿಗ್ಗೆ ಮೂರ್ಛೆ. ಹುಚ್ಚಮ್ಮ ತಲೆದೂಗುತ್ತ ಕೇಳಿ, ಕಡೆಗೆ ತಲೆ ಅಲ್ಲಾಡಿಸಿದಳು.

"ಬಿದ್ಮ್ಯಾಲೆ ಎದ್ದು ಎಂಟ್ ಜನಕ್ಕೆ ಅಡಿಗೆ ಮಾಡ್ದೆ ಅನ್ನೋದ್ ಬರ್ದಿಲ್ವಲ್ಲ? ಅವತ್ ಅವ್ರ ಮನೇಗೆ ನೆಂಟ್ರು ಬಂದಿದ್ರು. ಕೂಸು ಬೇರೆ ಸೊಂಟದ್ ಮ್ಯಾಲೆ. ಇದೇ ಪಕ್ಕದಾಗೆ."

ಇಷ್ಟು ಬರೆದರೂ ಅದು ಬಿಟ್ಟುಹೋಗಿತ್ತು. ಜಲಜಾ ಅದನ್ನು ಕೇಳಿರಲಿಲ್ಲ.

"ಹೇಳಿ," ಎಂದಳು ಚೀಲದಿಂದ ಪೆನ್ನು ತೆಗೆದು. "ಇಲ್ಲಿ ಸೋಶಿಯಲ್ ವರ್ಕರ್ ಒಬ್ಬರಿದಾರೆ. ನೀವು ಹೇಳಿದ್ದನ್ನ ಇಂಗ್ಲಿಷಲ್ಲಿ ಬರ್ದು ಅವರಿಗೆ ಕೊಡ್ತೀನಿ. ಟಿಕೆಟ್ ಮಾಡಿಸೋ ಮುಂಚೆ ಅವರು ಆ ಮನೆಯವರ ಜೊತೆ ಮಾತಾಡ್ಲಿ. ನಿಮಗೆ ಇಷ್ಟ ಇದ್ರೆ ಮಾತ್ರ."

ಹುಚ್ಚಮ್ಮ ದಿಂಬನ್ನು ಬೆನ್ನಿಗೆ ಸರಿಸಿಕೊಂಡಳು. "ಬರಿ," ಎಂದಳು. "ಮೊದ್ಲಿಂದ ಹೇಳ್ತೀನಿ. ನಾನ್ ಬಂದ ದಿನದಿಂದ."